ನಮೂನೆ 26ರ ಕರಡು ತಿದ್ದುವ ಕೆಲಸ ಎಲ್ಲಿಗೆ ಬಂತು

ಗೆಳೆಯರೊಬ್ಬರು ಮುಂದಿನ ವಿಧಾನಸಭಾ ಚುನಾವಣೆಗೆ ಪಕ್ಷೇತರರಾಗಿ ನಿಲ್ಲುವ ಯೋಚನೆಯಲ್ಲಿದ್ದಾರೆ. ಅಧಿಸೂಚನೆ ಹೊರಬಿದ್ದ ಮೇಲೆ ನಾಮಪತ್ರ ಹಾಕೋಕೆ ಸಿಗೋದು ಹೆಚ್ಚುಕಡಿಮೆ ಒಂದು ವಾರ. ಅಷ್ಟರಲ್ಲಿ ಓಡಾಟವೇ ಜಾಸ್ತಿ ಇರುತ್ತೆ, ಕೂತು ಓದೋಕೆ ಯಾರಿಗೂ ಪುರುಸೊತ್ತು ಇರಲ್ಲ. ಹಾಗಾಗಿ ಕರಡನ್ನು ಈಗಲೇ ಟೈಪ್ ಮಾಡಿಸಿ ನನ್ನ ಕೈಗೆ ಕೊಟ್ಟಿದ್ದಾರೆ. ಕಾಗದದಲ್ಲಿ ತಪ್ಪು ಹುಡುಕೋದು ನನಗೆ ಮೊದಲಿಂದಲೂ ಇಷ್ಟದ ಕೆಲಸ.

ಮುಂದಿರೋದು ಎರಡು ಕಾಗದ. ಒಂದು ನಾಮಪತ್ರ, ಅಂದರೆ ನಮೂನೆ 2ಬಿ. ಇನ್ನೊಂದು ಅದರ ಜೊತೆ ಕೊಡಬೇಕಾದ ಪ್ರಮಾಣಪತ್ರ, ನಮೂನೆ 26. ನೋಟರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಸಹಿ ಹಾಕುವ ಅಫಿಡವಿಟ್ ಅದು.

ಯಾವ ತಪ್ಪು ದೊಡ್ಡದು

ಮೊದಲು ಇದನ್ನು ತೀರ್ಮಾನ ಮಾಡಿಕೊಂಡೆ. ಇಲ್ಲದಿದ್ದರೆ ಕಾಗುಣಿತ ತಿದ್ದುತ್ತಾ ಕೂತು ಮುಖ್ಯವಾದದ್ದೇ ಕಣ್ಣು ತಪ್ಪುತ್ತೆ.

ಮತದಾರರ ಪಟ್ಟಿಯ ಹೆಸರಿನಲ್ಲೋ ಸಂಖ್ಯೆಯಲ್ಲೋ ಸಣ್ಣ ಬರವಣಿಗೆ ತಪ್ಪು ಆದರೆ ಪ್ರಜಾಪ್ರತಿನಿಧಿ ಕಾಯ್ದೆಯ 33(4)ನೇ ಕಲಂ ಕೈಹಿಡಿಯುತ್ತೆ. ಚುನಾವಣಾಧಿಕಾರಿ ಅದನ್ನು ಸರಿಪಡಿಸಲು ಬಿಡಬಹುದು, ಇಲ್ಲವೇ ಕಡೆಗಣಿಸಬಹುದು. ಆದರೆ ಅಫಿಡವಿಟ್‌ನಲ್ಲಿ ಖಾಲಿ ಬಿಟ್ಟ ಕಾಲಮ್‌ಗೆ ಆ ರಿಯಾಯಿತಿ ಇಲ್ಲ. 2013ರ ಸೆಪ್ಟೆಂಬರ್‌ನಲ್ಲಿ ರಿಸರ್ಜೆನ್ಸ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಖಾಲಿ ಕಾಲಮ್ ಇರುವ ಅಫಿಡವಿಟ್ ಕೊಟ್ಟರೂ ಕೊಡದ ಹಾಗೆ. ಅಧಿಕಾರಿ ಮೊದಲು ಗಮನಕ್ಕೆ ತರಬೇಕು, ಆಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ಗಮನಕ್ಕೆ ತಂದಾಗ ಖಾಲಿ ಜಾಗದಲ್ಲಿ ಪೆನ್ನಿಂದ ಬರೆದುಕೊಟ್ಟರೆ ಆಗಲ್ಲ. ಹೊಸ ಅಫಿಡವಿಟ್, ಹೊಸದಾಗಿ ಪ್ರಮಾಣ, ಎಲ್ಲವೂ ಪರಿಶೀಲನೆ ಶುರುವಾಗುವ ಮುಂಚೆ ಆಗಬೇಕು. ಆ ಓಡಾಟ ಯಾರಿಗೆ ಬೇಕು ಹೇಳಿ.

ಅದಕ್ಕೇ ನನ್ನ ಕೆಲಸದ ಕ್ರಮ ಹೀಗೆ: ಮೊದಲು ಖಾಲಿ ಜಾಗ, ಆಮೇಲೆ ಟಿಕ್, ಕೊನೆಗೆ ತಾಳೆ.

ಖಾಲಿ ಜಾಗ

ಓದದೆ ಸುಮ್ನೆ ಪುಟ ತಿರುಗಿಸಿದೆ. ಏನೂ ಬರೆಯದ ಪ್ರತಿ ಮನೆಗೂ ಪೆನ್ಸಿಲ್ ಸುತ್ತು. ಅರ್ಥ ಮಾಡಿಕೊಳ್ಳೋಕೆ ಹೋದರೆ ಕಣ್ಣು ಅಕ್ಷರ ಇರುವ ಕಡೆಗೇ ಹೋಗುತ್ತೆ, ಹಾಗಾಗಿ ಈ ಸುತ್ತಿನಲ್ಲಿ ಓದಲೇಬಾರದು.

ಆಸ್ತಿಯ ಕೋಷ್ಟಕದಲ್ಲಿ ಅಡ್ಡಕ್ಕೆ ಸ್ವಂತ, ಪತ್ನಿ, ಅವಿಭಕ್ತ ಹಿಂದೂ ಕುಟುಂಬ, ಅವಲಂಬಿತರು ಅಂತ ಕಾಲಮ್‌ಗಳಿವೆ. ಟೈಪ್ ಮಾಡಿದವರು ಎಷ್ಟೋ ಕಡೆ ಅಡ್ಡಗೆರೆ ಎಳೆದು ಬಿಟ್ಟಿದ್ದರು. ಅದನ್ನೆಲ್ಲ ತೆಗೆಸಿದೆ. ಕೊಡಲು ಮಾಹಿತಿ ಇಲ್ಲದಿದ್ದರೆ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಅಂತ ಬರೆಯಬೇಕು ಎಂದು ನಮೂನೆಯ ಟಿಪ್ಪಣಿಯೇ ಹೇಳುತ್ತೆ. ಇವೆರಡೂ ಒಂದೇ ಅಲ್ಲ. ಪತ್ನಿಯ ಹೆಸರಲ್ಲಿ ವಾಹನ ಇಲ್ಲದಿದ್ದರೆ 'ಇಲ್ಲ'. ಮೂರನೇ ಅವಲಂಬಿತರೇ ಇಲ್ಲದಿದ್ದರೆ ಆ ಕಾಲಮ್ ಪೂರ್ತಿ 'ಅನ್ವಯಿಸುವುದಿಲ್ಲ'.

ಆದಾಯ ತೆರಿಗೆ ಕೋಷ್ಟಕ ಜಾಸ್ತಿ ಹೊತ್ತು ಹಿಡಿಯಿತು. 2019ರ ತಿದ್ದುಪಡಿ ಆದಮೇಲೆ ಅಲ್ಲಿ ಐದು ವರ್ಷದ ಆದಾಯ ತೋರಿಸಬೇಕು. ಗೆಳೆಯರ ಐದೂ ಸಾಲು ಸರಿಯಾಗಿ ತುಂಬಿತ್ತು. ಅವರ ಪತ್ನಿಗೆ ಪ್ಯಾನ್ ಇದೆ, ರಿಟರ್ನ್ಸ್ ಹಾಕಿಲ್ಲ. ಟೈಪಿಸ್ಟ್ ಪ್ಯಾನ್ ನಂಬರ್ ಹಾಕಿ ಉಳಿದದ್ದನ್ನು ಬಿಟ್ಟಿದ್ದರು. ಈಗ ಅಲ್ಲಿ 'ರಿಟರ್ನ್ಸ್ ಸಲ್ಲಿಸಿಲ್ಲ' ಅಂತ ಸೇರಿಸಿದ್ದೇವೆ.

ಟಿಕ್

ಬಾಕಿ ಇರುವ ಕ್ರಿಮಿನಲ್ ಕೇಸಿನ ಕಲಂನಲ್ಲಿ ಎರಡು ಆಯ್ಕೆ ಇವೆ. ಒಂದು, 'ನನ್ನ ಮೇಲೆ ಯಾವ ಕೇಸೂ ಇಲ್ಲ'. ಇನ್ನೊಂದು, 'ಈ ಕೆಳಗಿನ ಕೇಸುಗಳಿವೆ'. ಕೇಸ್ ಇಲ್ಲದವರು ಮೊದಲನೆಯದಕ್ಕೆ ಟಿಕ್ ಹಾಕಿ, ಎರಡನೆಯದರ ಎದುರು 'ಅನ್ವಯಿಸುವುದಿಲ್ಲ' ಅಂತ ಬರೆಯಬೇಕು. ನಮ್ಮ ಕರಡಿನಲ್ಲಿ ಆಗಿದ್ದು ಏನು ಗೊತ್ತಾ? ಎರಡರ ಎದುರೂ 'ಅನ್ವಯಿಸುವುದಿಲ್ಲ'! ಟಿಕ್ ಎಲ್ಲೂ ಇಲ್ಲ. ಅಂದರೆ ಕೇಸ್ ಇದೆ ಅನ್ನೋದೂ ಅನ್ವಯಿಸಲ್ಲ, ಇಲ್ಲ ಅನ್ನೋದೂ ಅನ್ವಯಿಸಲ್ಲ. ಖಾಲಿ ಮನೆ ಹುಡುಕುವ ಸುತ್ತಿನಲ್ಲಿ ಇದು ಸಿಗಲೇ ಇಲ್ಲ, ಯಾಕಂದ್ರೆ ಜಾಗ ತುಂಬಿತ್ತಲ್ಲ. ಟಿಕ್‌ಗೆ ಬೇರೆ ಸುತ್ತು ಬೇಕು ಅನ್ನೋದು ಇದಕ್ಕೇ.

ಶಿಕ್ಷೆಯಾದ ಪ್ರಕರಣದ ಕಲಂನಲ್ಲೂ ಇದೇ ಜೋಡಿ ಇದೆ. ಅದನ್ನು 2ಬಿಯ ಭಾಗ III-ಎ ಜೊತೆ ಇಟ್ಟು ನೋಡಬೇಕು, ಅಲ್ಲೂ ಶಿಕ್ಷೆಯಾಗಿದೆಯಾ ಎಂಬ ಪ್ರಶ್ನೆ ಇದೆ. ಎರಡೂ ಕಡೆ ಉತ್ತರ ಒಂದೇ ಇರಬೇಕು. ಇನ್ನೊಂದು ಟಿಕ್ ಸಾಲಗಳ ಭಾಗದಲ್ಲಿ ಅಡಗಿದೆ: ಕಳೆದ ಹತ್ತು ವರ್ಷದಲ್ಲಿ ಸರ್ಕಾರಿ ವಸತಿಯಲ್ಲಿ ಇದ್ದಿರಾ, ಹೌದು ಅಥವಾ ಇಲ್ಲ. ಸರ್ಕಾರಿ ನೌಕರಿಯಲ್ಲೇ ಇರದವರು ಇದು ತಮಗಲ್ಲ ಅಂತ ಮುಂದೆ ಹೋಗಿಬಿಡುತ್ತಾರೆ. ಗೆಳೆಯರೂ ಹಾಗೇ ಬಿಟ್ಟಿದ್ದರು.

ತಾಳೆ

ಇದಕ್ಕೆ ಇಬ್ಬರು ಬೇಕು. ಪಕ್ಕದ ಮನೆ ಹುಡುಗಿ ಲಾ ಓದುತ್ತಿದ್ದಾಳೆ, ಅವಳು ಮೂಲ ದಾಖಲೆ ಹಿಡಿದು ಜೋರಾಗಿ ಓದಿದಳು, ನಾನು ಕರಡಿನ ಮೇಲೆ ಬೆರಳಿಟ್ಟೆ.

"ಅಂಕಲ್, ಪಹಣಿಯಲ್ಲಿ 2-10 ಅಂತಿದೆ."

ಕರಡಿನಲ್ಲಿ 2.10 ಎಕರೆ. ಪಹಣಿಯ 2-10 ಅಂದರೆ ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಹತ್ತು ಗುಂಟೆ ಕಾಲು ಎಕರೆ. ನಮೂನೆ ವಿಸ್ತೀರ್ಣ ಕೇಳೋದು ಎಕರೆಯಲ್ಲಿ, ಅಂದ್ರೆ 2.25 ಆಗಬೇಕು. ನಾವು '2.25 ಎಕರೆ (2 ಎಕರೆ 10 ಗುಂಟೆ)' ಅಂತ ಎರಡನ್ನೂ ಬರೆಸಿದೆವು, ಪಹಣಿ ಜೊತೆ ಹೋಲಿಸುವವರಿಗೂ ಗೊಂದಲ ಬೇಡ.

ಆಮೇಲೆ ಭಾಗ ಬಿ. ಭಾಗ ಎಯಲ್ಲಿ ವಿವರವಾಗಿ ಹೇಳಿದ್ದರ ಸಾರಾಂಶ ಅದು. ಗೆಳೆಯರು 4,50,000 ರೂಪಾಯಿಗೆ ಸೈಟ್ ಕೊಂಡು, 11,00,000 ಖರ್ಚು ಮಾಡಿ ಮನೆ ಕಟ್ಟಿಸಿದ್ದಾರೆ. ಈಗಿನ ಅಂದಾಜು ಬೆಲೆ 38,00,000. ಪಿತ್ರಾರ್ಜಿತ ಜಮೀನಿನ ಅಂದಾಜು 27,00,000. ಭಾಗ ಎಯಲ್ಲಿ ಎಲ್ಲ ಸರಿ ಇತ್ತು. ಭಾಗ ಬಿಯಲ್ಲಿ ಎರಡನ್ನೂ ಕೂಡಿ 65,00,000 ಅಂತ ಸ್ವಯಾರ್ಜಿತದ ಸಾಲಿಗೆ ಹಾಕಿ, ಪಿತ್ರಾರ್ಜಿತದ ಎದುರು 'ಇಲ್ಲ' ಅಂತ ಬರೆದಿದ್ದರು. ಮೊತ್ತ ತಾಳೆ ಆಗುತ್ತೆ, ಆದರೆ ಅಪ್ಪನಿಂದ ಬಂದ ಜಮೀನು ಸ್ವಂತ ಸಂಪಾದನೆ ಆಗಿಹೋಯ್ತು. ಕೊನೆಯ ಮೊತ್ತ ಮಾತ್ರ ನೋಡುವವರಿಗೆ ಇದು ಕಾಣಿಸೋದೇ ಇಲ್ಲ, ಸಾಲು ಸಾಲಾಗಿ ಭಾಗ ಎಗೆ ವಾಪಸ್ ಹೋಗಬೇಕು.

ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡೂ ಕಾಗದದಲ್ಲಿ ಬೇರೆ ಬೇರೆ ಇದ್ದವು. ಒಂದನ್ನು ಹಳೆಯ ಚೀಟಿ ನೋಡಿ ಬರೆದಿದ್ದರು. ಗುರುತಿನ ಚೀಟಿಯ ನಂಬರ್ ಹಾಗೇ ಇದ್ದರೂ ಪಟ್ಟಿ ಪರಿಷ್ಕರಣೆ ಆದಾಗ ಕ್ರಮ ಸಂಖ್ಯೆ ಬದಲಾಗಬಹುದು. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು, ಅವರ ಸಂಖ್ಯೆಗಳಿಗೂ ಇದೇ ಪಾಡು. ಅದೇ ಕ್ಷೇತ್ರದ ಮತದಾರರಾಗಿರಲೇಬೇಕಾದವರು ಅವರು, ಹಾಗಾಗಿ ಒಬ್ಬೊಬ್ಬರನ್ನೂ ಪಟ್ಟಿಯಲ್ಲಿ ಹುಡುಕಿ ನೋಡುತ್ತಿದ್ದೇವೆ.

ಸದ್ಯಕ್ಕೆ ಬಾಕಿ

ಪೆನ್ಸಿಲ್ ಸುತ್ತುಗಳು ಮುಗಿದವು, ಭಾಗ ಬಿ ಹೊಸದಾಗಿ ಟೈಪ್ ಆಗಿದೆ. ಚಿನ್ನದ ಸಾಲದ ಬಾಕಿ ಎಷ್ಟು ಅಂತ ಬ್ಯಾಂಕಿನಿಂದ ಇನ್ನೂ ಬಂದಿಲ್ಲ. ಕೈಯಲ್ಲಿರುವ ನಗದು, ಖಾತೆಯ ಮೊತ್ತ ಹೇಗೂ ಕೊನೆಗೇ ತುಂಬಬೇಕು, ಆ ಮನೆಗಳಿಗೆ ಹಳದಿ ಚೀಟಿ ಅಂಟಿಸಿದ್ದೇನೆ. ನಮೂನೆಯನ್ನು 2018ರಲ್ಲೂ 2019ರಲ್ಲೂ ಬದಲಿಸಿದ್ದರು, ಅಧಿಸೂಚನೆ ಬಂದ ದಿನ ಆಗಿನ ನಮೂನೆಯನ್ನೇ ತಂದು ಕಲಂ ಕಲಂ ಹೋಲಿಸಬೇಕು. ಟಿಕ್‌ಗಳನ್ನು ಆ ಪ್ರಿಂಟ್ ಮೇಲೆ ಗೆಳೆಯರೇ ಪೆನ್ನಿಂದ ಹಾಕಲಿ ಅಂತ ಹೇಳಿದ್ದೇನೆ, ನೋಟರಿ ಹತ್ತಿರ ಹೋಗುವ ಮುಂಚೆ.