ಪಿಆರ್‌ವಿ ಚೆಕ್ ಮಾಡೋದು ನಲ್ಲಿ ಮುಚ್ಚಿ

ನಾಲ್ಕನೇ ಮಹಡಿಯ ಒಂದೇ ಫ್ಲ್ಯಾಟ್‌ನಲ್ಲಿ ಹೆಲ್ತ್ ಫಾಸೆಟ್ ಹೋಸ್ ಮತ್ತೆ ಮತ್ತೆ ಒಡೀತಿತ್ತು, ಅದೂ ರಾತ್ರಿ ಹೊತ್ತು. ಫ್ಲಶ್ ಟ್ಯಾಂಕ್ ಬೇರೆ ಸಿಳ್ಳೆ ಹೊಡೆದ ಹಾಗೆ ಸದ್ದು ಮಾಡ್ತಿತ್ತು. ಫ್ಲ್ಯಾಟಿಗೆ ಬರೋ ನೀರಿನ ಪ್ರೆಶರ್ ತಗ್ಗಿಸೋ ವಾಲ್ವೇ ಪಿಆರ್‌ವಿ. ಅದರ ಬಗ್ಗೆ ಮೇಂಟೆನೆನ್ಸ್‌ನವರ ಉತ್ತರ ಒಂದೇ: "ಸಾರ್, ಪಿಆರ್‌ವಿ ಸರಿಯಾಗೇ ಇದೆ, ಗೇಜ್ ಎರಡೂವರೆ ಬಾರ್ ತೋರಿಸ್ತಿದೆ." ಆದರೆ ಅವರು ಗೇಜ್ ನೋಡಿದ್ದು ನಲ್ಲಿ ಬಿಟ್ಟಾಗ.

ಟೆರೇಸ್ ಟ್ಯಾಂಕಿನ ನೀರಿನ ಮಟ್ಟದಿಂದ ಆ ಬಾತ್‌ರೂಮ್ ಸುಮಾರು 50 ಮೀಟರ್ ಕೆಳಗಿದೆ. 10 ಮೀಟರಿಗೆ ಹತ್ತಿರಹತ್ತಿರ 1 ಬಾರ್ ಅಂದರೆ ಡಕ್ಟ್‌ನ ಪೈಪಿನಲ್ಲಿ 5 ಬಾರ್. ಹೋಸ್ ಬಿಚ್ಚಿ ಆ್ಯಂಗಲ್ ಕಾಕ್‌ಗೆ ಅರ್ಧ ಇಂಚಿನ ಗೇಜ್ ಹಾಕಿದೆವು. ಬೇಸಿನ್ ನಲ್ಲಿ ಬಿಟ್ಟಾಗ 2.5. ಫ್ಲ್ಯಾಟಿನ ಎಲ್ಲಾ ನಲ್ಲಿ ಮುಚ್ಚಿ ಕಾದೆವು. 3 ಆಯ್ತು, 3.5 ಆಯ್ತು, ಮುಳ್ಳು ನಿಲ್ಲೋ ಲಕ್ಷಣವೇ ಇಲ್ಲ. ಕೊನೆಗೆ 5ರ ಹತ್ತಿರ ಬಂದು ನಿಂತಿತು.

ನಲ್ಲಿ ಮುಚ್ಚಿದಾಗ ಪ್ರೆಶರ್ ಸ್ವಲ್ಪ ಏರಿ ನಿಂತರೆ ಅದು ಸಹಜ. ನಿಲ್ಲದೆ ಏರುತ್ತಲೇ ಹೋದರೆ ವಾಲ್ವಿನ ಸೀಟ್ ಪೂರ್ತಿ ಕೂರ್ತಿಲ್ಲ ಅಂತ ಅರ್ಥ. ಅದರ ಸಂದಿಯಲ್ಲಿ ನೀರು ಜಿನುಗಿ, ಯಾರೂ ನೀರು ಬಳಸದ ರಾತ್ರಿಯಲ್ಲಿ ಎರಡೂ ಕಡೆಯ ಪ್ರೆಶರ್ ಒಂದೇ ಆಗುತ್ತೆ.

ಬಿಚ್ಚಿದರೆ ಸೀಟಿನ ರಬ್ಬರ್‌ನಲ್ಲಿ ಮರಳಿನ ಹರಳೊಂದು ಹೂತುಕೊಂಡಿತ್ತು, ಪಕ್ಕದಲ್ಲೇ ಗೀರು. ಬೋರ್‌ವೆಲ್, ಟ್ಯಾಂಕರ್ ನೀರು ಬೆರೆಯುವ ಕಡೆ ನೀರು ಪಿಆರ್‌ವಿ ಸೇರೋ ಮೊದಲೇ ಕಸ ತಡೆಯೋ ಸ್ಟ್ರೈನರ್ ಇರಲೇಬೇಕು. ಇತ್ತು ಕೂಡ, ಒಳಗಿನ ಜಾಲರಿಯನ್ನೇ ಯಾರೋ ತೆಗೆದಿದ್ದರು! ಫೋರ್ಸ್ ಬರ್ತಿಲ್ಲ ಅನ್ನೋ ಕಂಪ್ಲೇಂಟ್ ಮುಗಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲವಲ್ಲ.

ಅಲ್ಲಿಯವರೆಗೆ ಮಾಡಿದ್ದ ಉಪಾಯ ಆ್ಯಂಗಲ್ ಕಾಕ್ ಅರ್ಧ ಮುಚ್ಚೋದು. ಅದರಿಂದ ನೀರು ಬರೋ ಪ್ರಮಾಣ ಕಡಿಮೆಯಾಗುತ್ತೆ, ಅಷ್ಟೇ. ಫಾಸೆಟ್ ಬಟನ್ ಬಿಟ್ಟು ಹರಿವು ನಿಂತ ಮೇಲೆ ಹೋಸ್ ಒಳಗೆ ಪೂರ್ತಿ 5 ಬಾರ್ ಕೂರುತ್ತೆ. ಅರ್ಧ ತೆರೆದ ಕಾಕ್‌ನ ಸಂದಿಯಲ್ಲಿ ನೀರು ರಭಸವಾಗಿ ನುಗ್ಗಿ ಸದ್ದು ಇನ್ನೂ ಜಾಸ್ತಿಯಾಗುತ್ತೆ.

ಡಕ್ಟ್ ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು ಲೈನ್ ಖಾಲಿ ಮಾಡಿ, ಒಳಗಿನ ಕಾರ್ಟ್ರಿಡ್ಜ್ ಬದಲಾಯಿಸಿ, ಹೊಸ ಜಾಲರಿ ಹಾಕಿದ್ದಾಯ್ತು. ಲಾಕ್ ನಟ್ ಸಡಿಲಿಸಿ, ಅಡ್ಜಸ್ಟಿಂಗ್ ಸ್ಕ್ರೂ ಪೂರ್ತಿ ಹಿಂದಕ್ಕೆ ತಿರುಗಿಸಿ, ನೀರು ಬಿಟ್ಟು ಗಾಳಿ ಹೊರಹಾಕಿ, ಕಾಲು ಸುತ್ತು ಕಾಲು ಸುತ್ತಾಗಿ ಬಿಗಿ ಮಾಡಬೇಕು. ಪ್ರತಿ ಸಲವೂ ನಲ್ಲಿ ಬಿಟ್ಟು ಮುಚ್ಚಿ ಗೇಜ್ ನೋಡಬೇಕು, ಇಲ್ಲದಿದ್ದರೆ ಹಿಂದಿನ ಪ್ರೆಶರ್ ಒಳಗೇ ಉಳಿದು ತಪ್ಪು ಅಂಕಿ ತೋರಿಸುತ್ತೆ. ಮುಚ್ಚಿದಾಗ 2.8ಕ್ಕೆ ನಿಂತಿತು, ಅರ್ಧ ಗಂಟೆಯಾದರೂ ಅಲ್ಲೇ.

ಆಮೇಲೂ ಫ್ಲಶ್ ಟ್ಯಾಂಕ್ ಸಣ್ಣಗೆ ಸದ್ದು ಮಾಡ್ತಿತ್ತು. ಅದರ ಫಿಲ್ ವಾಲ್ವ್ ವಾಷರ್ ಆಗಲೇ ಹರಿದಿತ್ತು, ಅದನ್ನೂ ಬದಲಾಯಿಸಿದೆವು. ಪಿಆರ್‌ವಿ ಆಚೆ ಖಾಯಂ ಗೇಜ್ ಹಾಕಿಸಿ ಅಂತ ಕೊಟ್ಟ ಕೋಟೇಶನ್ ಮಾತ್ರ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಇನ್ನೂ ಪಾಸಾಗಿಲ್ಲ.