ಪ್ರಶ್ನೆ ಹಳೆಯದು, ಉತ್ತರ ಈಗಿನದಿರಲಿ

ಅಕ್ಕನ ಮಗಳು ಬಿ.ಕಾಂ ಓದುತ್ತಿದ್ದಾಳೆ. ಅಕೌಂಟ್ಸ್, ಕಾಸ್ಟಿಂಗ್ ಎಂದು ದಿನವೆಲ್ಲ ಲೆಕ್ಕದಲ್ಲೇ ಮುಳುಗಿರುವ ಮಕ್ಕಳಿಗೆ ಪರಿಸರ ಅಧ್ಯಯನ ಎಂಬ ಪತ್ರಿಕೆ ನೆನಪಾಗುವುದೇ ಪರೀಕ್ಷೆಯ ಹಿಂದಿನ ದಿನ. ಈ ಮಳೆಗಾಲದಲ್ಲೂ ಹಾಗೇ ಆಯಿತು. ಸಾಗರದ ನಮ್ಮ ಮನೆಗೆ ಬಂದವಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಜಗುಲಿಯಲ್ಲಿ ಹರಡಿಕೊಂಡು, ಮರುಕಳಿಸಿದ ಪ್ರಶ್ನೆಗಳಿಗೆಲ್ಲ ಕೆಂಪು ಗೆರೆ ಎಳೆದಿದ್ದಳು. ಆಹಾರ ಸರಪಳಿ, ಓಝೋನ್ ಪದರ, ಘನತ್ಯಾಜ್ಯ, ಜೀವವೈವಿಧ್ಯದ ಹಾಟ್‌ಸ್ಪಾಟ್, ಇನ್-ಸಿಟು ಮತ್ತು ಎಕ್ಸ್-ಸಿಟು ಸಂರಕ್ಷಣೆ.

"ಚಿಕ್ಕಮ್ಮ, ಹಾಟ್‌ಸ್ಪಾಟ್ ಬಿಟ್ಟ ಪತ್ರಿಕೆನೇ ಇಲ್ಲ ನೋಡು. ಇದೊಂದನ್ನ ಬಾಯಿಪಾಠ ಮಾಡಿಬಿಡ್ತೀನಿ" ಎಂದಳು.

ನಾನು ಜೀವಶಾಸ್ತ್ರ ಕಲಿಸುವವಳು, ಈ ಪತ್ರಿಕೆಯ ಮೌಲ್ಯಮಾಪನಕ್ಕೂ ಕೂತವಳು. ಬಾಯಿಪಾಠಕ್ಕೆ ಮೊದಲು ಒಂದು ಸಲ ಬರೆದು ತೋರಿಸು ಎಂದೆ. ಐದು ಅಂಕದ ಪ್ರಶ್ನೆ: 'ಹಾಟ್‌ಸ್ಪಾಟ್ ಎಂದರೇನು? ಪಶ್ಚಿಮ ಘಟ್ಟವನ್ನು ಹಾಟ್‌ಸ್ಪಾಟ್ ಎನ್ನಲು ಕಾರಣವೇನು?'

ಅವಳು ಬರೆದದ್ದು ಅಚ್ಚುಕಟ್ಟಾಗಿಯೇ ಇತ್ತು. ಹೆಚ್ಚು ಸಸ್ಯ, ಪ್ರಾಣಿಗಳಿರುವ ಜಾಗವೇ ಹಾಟ್‌ಸ್ಪಾಟ್, ಜಗತ್ತಿನಲ್ಲಿ 25, ಭಾರತದಲ್ಲಿ 2, ಪಶ್ಚಿಮ ಘಟ್ಟದಲ್ಲಿ ಹುಲಿ, ಆನೆ, ನವಿಲುಗಳಿವೆ, ಕಾಡು ಕಡಿಯಲಾಗುತ್ತಿದೆ, ಅರಣ್ಯನಾಶ ಆಗುತ್ತಿದೆ. ಯಾರದೋ ಗೈಡ್‌ನಿಂದ ನಕಲಾಗುತ್ತ ಬಂದ ಟಿಪ್ಪಣಿ ಅದು ಎಂದು ಆ 25 ನೋಡಿದಾಗಲೇ ತಿಳಿಯಿತು.

ಈ ಕಲ್ಪನೆಯನ್ನು ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್ 1988ರಲ್ಲಿ ಮುಂದಿಟ್ಟಾಗ ಪಟ್ಟಿಯಲ್ಲಿ ಇದ್ದದ್ದು 10 ಜಾಗ. 2000ದ ಹೊತ್ತಿಗೆ ಅದು 25 ಆಯಿತು, ಈಗ 36. ಭಾರತದಲ್ಲಿ ಎರಡು ಎಂಬುದೂ ಹಳೆಯ ಮಾತು. ಹಿಮಾಲಯ, ಶ್ರೀಲಂಕಾದೊಂದಿಗೆ ಸೇರಿಸಿ ಎಣಿಸುವ ಪಶ್ಚಿಮ ಘಟ್ಟ, ಈಶಾನ್ಯ ರಾಜ್ಯಗಳ ಕಡೆಯ ಇಂಡೋ-ಬರ್ಮಾ, ನಿಕೋಬಾರ್ ದ್ವೀಪಗಳು ಸೇರುವ ಸುಂಡಾಲ್ಯಾಂಡ್, ಹೀಗೆ ನಾಲ್ಕರ ಭಾಗಗಳು ನಮ್ಮ ದೇಶದಲ್ಲಿವೆ. ಪ್ರಶ್ನೆ ವರ್ಷವರ್ಷವೂ ಅದೇ ಬರುತ್ತದೆ, ಅದರೊಳಗಿನ ಅಂಕಿ ಮಾತ್ರ ಅಲ್ಲೇ ನಿಂತಿರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಓದುವ ಮಕ್ಕಳು ಪ್ರಶ್ನೆಯ ಜೊತೆಗೆ ಹಳೆಯ ಉತ್ತರವನ್ನೂ ಹೊತ್ತು ತರುತ್ತಾರೆ. ನನಗೆ ನಿಜಕ್ಕೂ ಬೇಸರ ತರುವುದು ಇದು.

ವ್ಯಾಖ್ಯೆಯದು ಇನ್ನೂ ದೊಡ್ಡ ತೊಂದರೆ. ಜೀವಿಗಳು ಹೆಚ್ಚಿದ್ದ ಮಾತ್ರಕ್ಕೆ ಒಂದು ಜಾಗ ಹಾಟ್‌ಸ್ಪಾಟ್ ಆಗುವುದಿಲ್ಲ. ಅದಕ್ಕೆ ಎರಡು ಷರತ್ತುಗಳಿವೆ. ಜಗತ್ತಿನಲ್ಲಿ ಬೇರೆಲ್ಲೂ ಬೆಳೆಯದ ಸಸ್ಯ ಪ್ರಭೇದಗಳು ಅಲ್ಲಿ ಕನಿಷ್ಠ 1500 ಇರಬೇಕು. ಜೊತೆಗೆ ಮೂಲ ಸಸ್ಯಸಂಪತ್ತಿನಲ್ಲಿ ಶೇ 70 ಅಥವಾ ಅದಕ್ಕಿಂತ ಹೆಚ್ಚು ಈಗಾಗಲೇ ಹೋಗಿಬಿಟ್ಟಿರಬೇಕು. ಎರಡನೆಯದನ್ನು ಬಹಳಷ್ಟು ಮಕ್ಕಳು ಬರೆಯುವುದೇ ಇಲ್ಲ. ಅದು ಬಿಟ್ಟುಹೋದರೆ ಉತ್ತರ ಪ್ರವಾಸಿ ತಾಣದ ಹೊಗಳಿಕೆ ಆಗುತ್ತದೆ.

ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹಾಟ್‌ಸ್ಪಾಟ್ ಅಂದ್ರೆ ಹೆಮ್ಮೆ ಪಡೋ ವಿಷಯ ಅಲ್ಲ ಅಲ್ವಾ?" ಎಂದಳು. ಅರ್ಧ ಹೆಮ್ಮೆ, ಅರ್ಧ ಆತಂಕ ಎಂದೆ.

ಮುಂದೆ ಉದಾಹರಣೆಗಳು. ಹುಲಿ ರಷ್ಯಾದಲ್ಲೂ ಇದೆ, ಆನೆ ಅಸ್ಸಾಮಿನಲ್ಲೂ ಇದೆ, ನವಿಲು ರಾಜಸ್ಥಾನದ ಬಯಲಿನಲ್ಲೂ ಓಡಾಡುತ್ತದೆ. 'ಬೇರೆಲ್ಲೂ ಇಲ್ಲ' ಎಂಬ ಷರತ್ತಿಗೆ ಇವು ಸಾಕ್ಷಿ ಹೇಳಲಾರವು. ನಮ್ಮ ಶರಾವತಿ ಕಣಿವೆಯ ಸಿಂಗಳೀಕ ಹೇಳುತ್ತದೆ. ಈ ಕೋತಿ ಪಶ್ಚಿಮ ಘಟ್ಟದ ಹೊರಗೆ ಕಾಡಿನಲ್ಲಿ ಎಲ್ಲೂ ಸಿಗದು. ಷರತ್ತು ಸಸ್ಯಗಳದ್ದಾದ್ದರಿಂದ ಮರವೊಂದನ್ನೂ ಸೇರಿಸಬೇಕು. ಅದಕ್ಕೆ ರಾಮಪತ್ರೆ ಇದೆ. ಅಜ್ಜಿ ಮಸಾಲೆ ಡಬ್ಬಿಯಲ್ಲಿ ಇಟ್ಟುಕೊಳ್ಳುವ ರಾಮಪತ್ರೆ ಪರೀಕ್ಷೆಯಲ್ಲಿ ಬರೆಯುವ ವಸ್ತು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಇನ್ನು 'ಕಾಡು ಕಡಿಯಲಾಗುತ್ತಿದೆ', 'ಅರಣ್ಯನಾಶ ಆಗುತ್ತಿದೆ' ಎಂಬ ಎರಡು ಸಾಲು. ಮೌಲ್ಯಮಾಪಕರ ಕಣ್ಣಿಗೆ ಅದು ಒಂದೇ ಅಂಶ. ಪಾಯಿಂಟ್ ಹಾಕಿ ಬರೆಯುವಾಗ ಇದು ಪದೇ ಪದೇ ಆಗುತ್ತದೆ, ಸಂಖ್ಯೆ ಬೆಳೆಯುತ್ತದೆ, ವಿಷಯ ಬೆಳೆಯುವುದಿಲ್ಲ. ಕಂಡುಹಿಡಿಯುವುದು ಸುಲಭ: ಒಂದು ಸಾಲನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದು, ಏನೂ ಕಮ್ಮಿಯಾಗದಿದ್ದರೆ ಆ ಸಾಲು ಬೇಡ. ಅವಳ ಎರಡನೆಯ ಉತ್ತರ ಹೀಗೆ ಬಂತು:

1. ಬೇರೆಲ್ಲೂ ಇಲ್ಲದ ಸಸ್ಯ ಪ್ರಭೇದಗಳು ಕನಿಷ್ಠ 1500 ಇದ್ದು, ಮೂಲ ಸಸ್ಯಸಂಪತ್ತಿನ ಶೇ 70ರಷ್ಟಾದರೂ ನಾಶವಾಗಿರುವ ಪ್ರದೇಶವೇ ಹಾಟ್‌ಸ್ಪಾಟ್.
2. ಜಗತ್ತಿನಲ್ಲಿ 36, ಅವುಗಳಲ್ಲಿ 4ರ ಭಾಗಗಳು ಭಾರತದಲ್ಲಿವೆ.
3. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಜೀವಿಗಳು: ಸಿಂಗಳೀಕ, ರಾಮಪತ್ರೆ.
4. ನಾಶಕ್ಕೆ ಕಾರಣ: ತೋಟಗಳ ವಿಸ್ತರಣೆ, ಗಣಿಗಾರಿಕೆ, ಕಣಿವೆ ಮುಳುಗಿಸಿದ ಅಣೆಕಟ್ಟುಗಳು. ಉದಾ: ಶರಾವತಿಯ ಲಿಂಗನಮಕ್ಕಿ.
5. ರಕ್ಷಣೆ: ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, 2012ರಲ್ಲಿ ಘಟ್ಟದ 39 ತಾಣಗಳಿಗೆ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ.

ಅರ್ಧ ಪುಟವೂ ಆಗಲಿಲ್ಲ. "ಇಷ್ಟೇ ಬರೆದ್ರೆ ಅಂಕ ಕೊಡ್ತಾರಾ?" ಎಂದು ಅವಳಿಗೆ ಅನುಮಾನ. ಐದು ಅಂಕಕ್ಕೆ ಐದು ಬೇರೆ ಬೇರೆ ವಿಷಯ ಇದೆಯಲ್ಲ, ನಾನಾದರೆ ಕೊಡುತ್ತೇನೆ ಎಂದೆ. ಹತ್ತು ಅಂಕಕ್ಕೆ ಬಂದರೆ ಇದೇ ಸಾಲುಗಳನ್ನು ಒಂದೊಂದು ಪ್ಯಾರಾ ಮಾಡಿ ಬೆಳೆಸಬಹುದು. ಎರಡು ಅಂಕಕ್ಕೆ ಬಂದರೆ ಮೊದಲನೆಯದೂ ಮೂರನೆಯದೂ ಸಾಕು.

ಊಟ ಮುಗಿಸಿ ಇನ್-ಸಿಟು, ಎಕ್ಸ್-ಸಿಟು ಹಿಡಿದೆವು. ಜೀವಿಯನ್ನು ಅದರ ಸ್ವಂತ ನೆಲೆಯಲ್ಲೇ ಉಳಿಸುವುದು ಇನ್-ಸಿಟು, ಅಲ್ಲಿಂದ ಹೊರಗೆ ತಂದು ಕಾಪಾಡುವುದು ಎಕ್ಸ್-ಸಿಟು. ಇಲ್ಲಿ ಪ್ರಶ್ನೆಯ ಕೊನೆಯ ಪದ ನೋಡಬೇಕು. 'ವಿವರಿಸಿ' ಎಂದಿದ್ದರೆ ಒಂದಾದ ಮೇಲೆ ಒಂದು ಬರೆದರೆ ನಡೆಯುತ್ತದೆ. 'ವ್ಯತ್ಯಾಸ ತಿಳಿಸಿ' ಎಂದಿದ್ದರೆ ನಡುವೆ ಗೆರೆ ಎಳೆದು, ಎರಡೂ ಕಡೆ ಒಂದೇ ವಿಚಾರವನ್ನು ಎದುರುಬದುರು ಇಡಬೇಕು. ಎಡಗಡೆ ಜಾಗದ ಬಗ್ಗೆ, ಬಲಗಡೆ ಖರ್ಚಿನ ಬಗ್ಗೆ ಬರೆದರೆ ಅದು ವ್ಯತ್ಯಾಸ ಆಗುವುದಿಲ್ಲ.

ಆಗ ಅವಳು ಕೇಳಿದ ಪ್ರಶ್ನೆ ಯಾವ ಗೈಡ್‌ನಲ್ಲೂ ನಾನು ನೋಡಿದ್ದಲ್ಲ. "ಶಿವಮೊಗ್ಗಕ್ಕೆ ಹೋಗ್ತಾ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿ ಸಿಗುತ್ತಲ್ಲ ಚಿಕ್ಕಮ್ಮ, ಅಲ್ಲಿ ಹುಲಿಗಳು ಮರಗಳ ನಡುವೆನೇ ಓಡಾಡ್ತವೆ. ಅದು ಇನ್-ಸಿಟುನೇ ತಾನೆ?"

ಅಲ್ಲ. ಬೇಲಿಯೊಳಗಿನ ಜಾಗ ಎಷ್ಟು ದೊಡ್ಡದು, ಒಳಗೆ ಮರ ಇದೆಯೇ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಪ್ರಾಣಿ ತನ್ನ ನೆಲೆಯಲ್ಲಿ ತಾನೇ ಬೇಟೆಯಾಡಿ, ತಾನೇ ಜೊತೆ ಹುಡುಕಿಕೊಂಡು ಮರಿ ಮಾಡುತ್ತದೆಯೇ, ಅಥವಾ ಮಾಂಸ ಹಾಕುವುದೂ ಮದ್ದು ಕೊಡುವುದೂ ಮನುಷ್ಯರೇ? ತ್ಯಾವರೆಕೊಪ್ಪದಲ್ಲಿ ಸಾಕುವವರು ಮನುಷ್ಯರು, ಆದ್ದರಿಂದ ಎಕ್ಸ್-ಸಿಟು. ಶರಾವತಿ ಕಣಿವೆಯ ಸಿಂಗಳೀಕಕ್ಕೆ ಯಾರೂ ಊಟ ಬಡಿಸುವುದಿಲ್ಲ, ಅದು ಇನ್-ಸಿಟು. ಗಿಡಕ್ಕೂ ಇದೇ ಮಾತು. ಹೊಳೆಯಂಚಿನಲ್ಲಿ ತಾನಾಗಿ ಬೆಳೆದ ಅಪ್ಪೆಮಿಡಿ ಮರವನ್ನು ಅಲ್ಲೇ ಉಳಿಸಿಕೊಂಡರೆ ಇನ್-ಸಿಟು. ಅದರ ಕುಡಿ ತಂದು ಕಸಿ ಕಟ್ಟಿ ಸಂಶೋಧನಾ ಕೇಂದ್ರದ ತೋಟದಲ್ಲಿ ಬೆಳೆಸಿದರೆ ಎಕ್ಸ್-ಸಿಟು. ಓಟೆ ನೆಟ್ಟರೆ ತಾಯಿಮರದ ಸೊನೆಯ ಪರಿಮಳವೇ ಬರುತ್ತದೆಂಬ ಖಾತ್ರಿ ಇಲ್ಲ, ಅದಕ್ಕೇ ಕಸಿ. ಇದನ್ನು ಒಂದು ಸಾಲಿನಲ್ಲಿ ಬರೆದ ಮಗುವಿಗೆ ವಿಷಯ ಅರ್ಥವಾಗಿದೆ ಎಂದು ಯಾರಿಗಾದರೂ ತಿಳಿಯುತ್ತದೆ.

ಸಂಜೆ ಕರೆಂಟ್ ಹೋಗುವ ಮುಂಚೆ ಪ್ಲಾಸ್ಟಿಕ್ ಟಿಪ್ಪಣಿಯನ್ನೂ ನೋಡಿದೆವು. ಅಲ್ಲೂ ಅದೇ ಕತೆ. ಅವಳ ಪುಸ್ತಕದಲ್ಲಿ ಕೈಚೀಲದ ದಪ್ಪ ಕನಿಷ್ಠ 50 ಮೈಕ್ರಾನ್ ಎಂದಿತ್ತು. ಅದು ಕೇಂದ್ರದ 2016ರ ನಿಯಮ. ಆಮೇಲೆ 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಗಿದೆ. ಪರಿಸರ ಸಂರಕ್ಷಣಾ ಕಾಯ್ದೆ 1986ರದ್ದು, ವನ್ಯಜೀವಿ ಕಾಯ್ದೆ 1972ರದ್ದು ಎಂಬಂಥವು ಬದಲಾಗುವುದಿಲ್ಲ; ಎಷ್ಟಿವೆ, ಮಿತಿ ಎಷ್ಟು, ದಂಡ ಎಷ್ಟು ಎಂಬಂಥವು ಬದಲಾಗುತ್ತವೆ. ಹಾಗಾಗಿ ಟಿಪ್ಪಣಿಯಲ್ಲಿ ಬದಲಾಗುವ ಅಂಕಿಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಸಿದೆ. ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕ ಪಕ್ಕದ ಮನೆಯ ಹುಡುಗನಿಗೆ ಹೋಗುವುದಿತ್ತು. ಸುತ್ತು ಹಾಕಿದ್ದನ್ನು ಮಾತ್ರ ಹೊಸದಾಗಿ ನೋಡಿಕೊಳ್ಳಬೇಕು ಎಂದು ಅವಳೇ ಮೊದಲ ಪುಟದಲ್ಲಿ ಬರೆದಿಟ್ಟಳು.