ಮಂಗಳೂರು ಸೌತೆಗೆ ಕುಂಬಳಕಾಯಿ ಅಂತ ಬರೆದ ದಿನ

ಮಾರ್ಕೆಟ್ ಫೋಟೋಗಳಲ್ಲಿ ಕಾಣುವ ಒಂದೊಂದು ಹಣ್ಣು, ತರಕಾರಿಯ ಸುತ್ತ ಚೌಕ ಎಳೆದು ಹೆಸರು ಹಾಕುವುದು ನನ್ನ ಕೆಲಸ. ಶುರುವಿನಲ್ಲಿ ನಾನು ಬಣ್ಣ, ಆಕಾರ ನೋಡಿ ಬೇಗ ಬೇಗ ಬರೆಯುತ್ತಿದ್ದೆ. ಒಂದು ದಿನ ಕರಾವಳಿಯ ಅಂಗಡಿಯೊಂದರ ಫೋಟೋ ಬಂತು. ದುಂಡಗೆ, ಕೇಸರಿ ಮಿಶ್ರಿತ ಹಳದಿ ಬಣ್ಣದ, ಹಸಿರು ಪಟ್ಟೆಗಳಿದ್ದ ಕಾಯಿಗಳ ರಾಶಿ. ಪುಟ್ಟ ಕುಂಬಳಕಾಯಿ ಅಂದುಕೊಂಡು ಅಷ್ಟಕ್ಕೂ ಅದೇ ಹೆಸರು ಹಾಕಿದೆ. ಪರಿಶೀಲಿಸುವವರು ಇಡೀ ಫೋಟೋವನ್ನು ವಾಪಸ್ ಕಳಿಸಿದರು. ಅವು ಮಂಗಳೂರು ಸೌತೆ.

ಮತ್ತೆ ತೆರೆದು ದೊಡ್ಡದು ಮಾಡಿ ನೋಡಿದರೆ ಸುಳಿವೆಲ್ಲ ಅಲ್ಲೇ ಇತ್ತು. ಸಿಪ್ಪೆ ನುಣುಪು. ಕುಂಬಳಕಾಯಿಗೆ ತೊಟ್ಟಿನಿಂದ ಕೆಳಗಿನವರೆಗೆ ಉಬ್ಬು-ತಗ್ಗಿನ ಹೋಳುಗಳಿರುತ್ತವೆ, ಇಲ್ಲಿ ಇದ್ದದ್ದು ಬರೀ ಬಣ್ಣದ ಪಟ್ಟೆ. ತೊಟ್ಟೂ ಸಣ್ಣ. ಕುಂಬಳದ್ದು ದಪ್ಪ, ಮರದ ಹಾಗೆ ಗಟ್ಟಿ, ಕಾಯಿಗೆ ಸೇರುವಲ್ಲಿ ಅಗಲ. ಅದಕ್ಕಿಂತ ದೊಡ್ಡ ಸುಳಿವು ಮೇಲೆ ಇತ್ತು: ಅಂಗಡಿಯ ಜಂತಿಯಿಂದ ನಾಲ್ಕೈದು ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ್ದರು. ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಸೌತೆಯನ್ನು ಹೀಗೇ ಕಟ್ಟಿಡುವುದು.

ಮುಂದುಗಡೆ ಒಂದು ಅರ್ಧ ಹೋಳೂ ಇತ್ತು, ನಾನು ಅದನ್ನು ನೋಡಿಯೇ ಇರಲಿಲ್ಲ. ಕುಂಬಳಕಾಯಿ ಕೊಯ್ದರೆ ತಿರುಳು ಕೇಸರಿ, ನಡುವೆ ಪೊಳ್ಳು, ಅದರಲ್ಲಿ ನಾರಿಗೆ ಅಂಟಿಕೊಂಡ ಬೀಜ. ಇಲ್ಲಿ ತಿರುಳು ಬಿಳಿ, ನಡುವೆ ಲೋಳೆಯಂಥ ಭಾಗ, ಅದರಲ್ಲಿ ಒತ್ತೊತ್ತಾಗಿ ಸಣ್ಣ, ಚಪ್ಪಟೆ ಬೀಜ. ಅಡ್ಡಕ್ಕೆ ಕೊಯ್ದ ಸೌತೆಯಲ್ಲಿ ಬೀಜಗಳು ಮೂರು ಗುಂಪಾಗಿ ಕಾಣುತ್ತವೆ. ಮನೆಯಲ್ಲಿ ಎಳೆಸೌತೆಯನ್ನೇ ಬಿಲ್ಲೆ ಮಾಡಿ ಬೆಳಕಿಗೆ ಹಿಡಿದರೆ ಈ ಮೂರು ಭಾಗ ಗೊತ್ತಾಗುತ್ತದೆ. ಬದನೆ ಕೊಯ್ದರೆ ಹೀಗಿರಲ್ಲ, ಅದರ ಬೀಜ ತಿರುಳಿನ ತುಂಬಾ ಚೆದುರಿರುತ್ತದೆ.

ಅವತ್ತಿನಿಂದ ನಾನು ನೋಡುವ ಕ್ರಮವೇ ಬೇರೆ. ಕೊಯ್ದ ಹೋಳು ಎಲ್ಲಾದರೂ ಇದೆಯಾ ಅಂತ ಮೊದಲು ಹುಡುಕುತ್ತೇನೆ, ಆಮೇಲೆ ತೊಟ್ಟು, ಆಮೇಲೆ ಸಿಪ್ಪೆ. ಬಣ್ಣ ಕೊನೆಗೆ. ಯಾಕಂದ್ರೆ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರೆ ಕೆಳಗಿರುವ ಹೀರೇಕಾಯಿಗೂ ನೀಲಿ ಬಡಿಯುತ್ತದೆ, ಸಂಜೆಯ ಬಲ್ಬಿನಡಿ ಎಲ್ಲವೂ ಹಳದಿ. ಆದರೆ ಹೀರೇಕಾಯಿಯ ಉದ್ದುದ್ದ ಏಣುಗಳು ಯಾವ ಬೆಳಕಿನಲ್ಲೂ ಮಾಯವಾಗಲ್ಲ. ತುಪ್ಪದ ಹೀರೆಗೆ ಆ ಏಣು ಇರಲ್ಲ, ಬರೀ ಗೆರೆ. ಹಾಗಾಗಿ ಅದನ್ನು ದೂರದಿಂದ ಸೌತೆ ಅಂದುಕೊಳ್ಳುವುದು ಸುಲಭ.

ಗಾತ್ರಕ್ಕೆ ತಕ್ಕಡಿಯ ತಟ್ಟೆ ಅಥವಾ ಯಾರದ್ದಾದರೂ ಕೈ ಪಕ್ಕದಲ್ಲಿ ಇರಬೇಕು. ಅದಿಲ್ಲದೆ ದುಂಡು ಸೋರೆಕಾಯಿಯನ್ನೂ ಪಟ್ಟೆಯಿಲ್ಲದ ತಿಳಿಹಸಿರು ಕಲ್ಲಂಗಡಿಯನ್ನೂ ಫೋಟೋದಲ್ಲಿ ಬೇರೆ ಮಾಡಲು ಎಷ್ಟೋ ಸಲ ಆಗುವುದೇ ಇಲ್ಲ. ಕೊಯ್ದದ್ದೂ ಇಲ್ಲ, ತೊಟ್ಟೂ ಕಾಣಲ್ಲ ಅಂದ್ರೆ ನಾನು ಈಗ ಸುಮ್ನೆ ಊಹಿಸಿ ಬರೆಯಲ್ಲ. ‘ಬಳ್ಳಿಕಾಯಿ, ಜಾತಿ ಸ್ಪಷ್ಟವಿಲ್ಲ’ ಅಂತ ಹಾಕಿ ಮುಂದಿನ ಚೌಕಕ್ಕೆ ಹೋಗುತ್ತೇನೆ.